ಗಲ್ಫ್‌ಗೆ ಹೊರಟವರು ಯಾವ ಅರೇಬಿಕ್ ಕಲೀಬೇಕು?

ಕುವೈತ್‌ನ ಆಸ್ಪತ್ರೆಯೊಂದಕ್ಕೆ ನರ್ಸ್ ಕೆಲಸಕ್ಕೆ ಹೊರಟಿರುವ ಉಡುಪಿ ಕಡೆಯ ಹುಡುಗಿಯೊಬ್ಬಳು ಊರಲ್ಲೇ ಆರು ತಿಂಗಳು ಅರೇಬಿಕ್ ಕಲಿತಳು ಅಂದುಕೊಳ್ಳಿ. ವ್ಯಾಕರಣ ಗಟ್ಟಿ, ಓದೋಕೆ ಬರೆಯೋಕೆ ಬರುತ್ತೆ. ಮೊದಲ ದಿನವೇ ವಾರ್ಡಿನಲ್ಲಿ ಒಬ್ಬ ಅಜ್ಜಿ ಹೊಟ್ಟೆ ಹಿಡಿದುಕೊಂಡು "ಬತ್ನಿ ಯಅವ್ವಿರ್ನಿ" ಅಂತಾರೆ. ಹೊಟ್ಟೆ ನೋಯ್ತಿದೆ ಅಂತ ಅದರರ್ಥ. ಹುಡುಗಿಗೆ 'ಬತ್ನಿ', ಅಂದರೆ ನನ್ನ ಹೊಟ್ಟೆ, ಅನ್ನೋದು ಗೊತ್ತಾಗುತ್ತೆ. ಎರಡನೇ ಪದ ಅವಳ ಪುಸ್ತಕದಲ್ಲಿ ಇರಲೇ ಇಲ್ಲ. ಪುಸ್ತಕದಲ್ಲಿ ನೋವಿಗೆ ಇದ್ದದ್ದು 'ಅಲಮ್'.

ಅವಳು ಕಲಿತದ್ದು ತಪ್ಪು ಭಾಷೆಯಲ್ಲ. ಅದು 'ಫುಸ್ಹಾ', ಅಂದರೆ ಶಿಷ್ಟ ಅರೇಬಿಕ್. ಪತ್ರಿಕೆ, ಟಿವಿ ವಾರ್ತೆ, ಪಠ್ಯಪುಸ್ತಕ, ಸರ್ಕಾರಿ ಆದೇಶ ಎಲ್ಲವೂ ಇದರಲ್ಲೇ. ಮೊರಾಕೊದಿಂದ ಇರಾಕ್‌ವರೆಗೆ ಬರಹದ ಭಾಷೆ ಒಂದೇ. ಆದರೆ ಮನೆಯಲ್ಲಿ ಫುಸ್ಹಾ ಮಾತಾಡಿ ಬೆಳೆಯುವ ಮಗು ಇಲ್ಲ ಅಂತಲೇ ಹೇಳಬಹುದು. ತಾಯಿಯಿಂದ ಬರುವುದು ಆಯಾ ಊರಿನ ಆಡುಮಾತು, ಶಾಲೆಗೆ ಹೋದ ಮೇಲೆ ಕಲಿಯುವುದು ಫುಸ್ಹಾ. ಒಂದೇ ಸಮಾಜದಲ್ಲಿ ಒಂದು ಭಾಷೆಯ ಎರಡು ರೂಪ ಹೀಗೆ ಕೆಲಸ ಹಂಚಿಕೊಂಡಿರುವುದನ್ನು ಭಾಷಾಶಾಸ್ತ್ರಜ್ಞ ಚಾರ್ಲ್ಸ್ ಫರ್ಗ್ಯೂಸನ್ 1959ರಲ್ಲಿ 'ಡೈಗ್ಲೋಸಿಯಾ' ಅಂತ ಕರೆದ. ಅವನು ಕೊಟ್ಟ ಉದಾಹರಣೆಗಳಲ್ಲಿ ಅರೇಬಿಕ್ ಕೂಡ ಒಂದು.

ಇದು ನಮಗೆ ತೀರಾ ಹೊಸದೇನಲ್ಲ. 'ಎಲ್ಲಿಗೆ ಹೋಗುತ್ತಿದ್ದೀರಿ' ಅಂತ ಬರೆದು 'ಎಲ್ಲಿಗ್ ಹೊಂಟೀರಿ' ಅಂತ ಮಾತಾಡುವವರು ನಾವು. ಅರೇಬಿಕ್‌ನಲ್ಲಿ ಮಾತ್ರ ಈ ಅಂತರ ಬಹಳ ದೊಡ್ಡದು. ಉಚ್ಚಾರವಷ್ಟೇ ಅಲ್ಲ, ದಿನಬಳಕೆಯ ಪದಗಳೇ ಬೇರೆ, ವ್ಯಾಕರಣದ ಕೀಲುಗಳೇ ಬೇರೆ.

ಒಂದು ಪ್ರಶ್ನೆ, ಐದು ರೂಪ

'ನಿನಗೇನು ಬೇಕು?' ಅನ್ನುವುದನ್ನೇ ತಗೊಳ್ಳಿ. ಫುಸ್ಹಾದಲ್ಲಿ 'ಮಾದಾ ತುರೀದ್'. ಕುವೈತ್‌ನಲ್ಲಿ 'ಶಿನು ತಬಿ'. ಈಜಿಪ್ಟ್‌ನಲ್ಲಿ 'ಆಯಿಝ್ ಏ'. ಸಿರಿಯಾ, ಲೆಬನಾನ್ ಕಡೆ 'ಶೂ ಬಿದ್ದಕ್'. ಮೊರಾಕೊದಲ್ಲಿ 'ಶ್ನು ಬ್ಗೀತಿ'. ನೀವು 'ಮಾದಾ ತುರೀದ್' ಅಂದರೆ ಎಲ್ಲರಿಗೂ ಅರ್ಥವಾಗುತ್ತೆ, ಸ್ವಲ್ಪ ನಾಟಕದ ಡೈಲಾಗ್ ಥರ ಕೇಳಿಸುತ್ತೆ, ಅಷ್ಟೇ. ನಿಜವಾದ ತೊಂದರೆ ಇರೋದು ಅವರ ಉತ್ತರದಲ್ಲಿ. ಅದು ಫುಸ್ಹಾದಲ್ಲಿ ಬರಲ್ಲ. ನಾವು ಹೇಳಿದ್ದು ಅವರಿಗೆ ತಲುಪುತ್ತೆ, ಅವರು ಹೇಳಿದ್ದು ನಮಗೆ ತಲುಪಲ್ಲ.

ಧ್ವನಿಗಳೂ ಜಾಗ ಬದಲಿಸುತ್ತವೆ. ಕಾಫಿಗೆ ಫುಸ್ಹಾದಲ್ಲಿ 'ಕಹ್ವಾ', ಗಲ್ಫ್‌ನಲ್ಲಿ 'ಗಹ್ವಾ', ಕೈರೋದಲ್ಲಿ 'ಅಹ್ವಾ'. ಹೇಗಿದ್ದೀಯ ಅಂತ ಕುವೈತ್‌ನಲ್ಲಿ ಗಂಡಸಿಗೆ ಕೇಳಿದರೆ 'ಶ್ಲೋನಕ್', ಹೆಂಗಸಿಗೆ ಕೇಳಿದರೆ 'ಶ್ಲೋನಿಚ್'. ಕೊನೆಯ ಆ 'ಚ್' ಫುಸ್ಹಾದಲ್ಲಿ ಇಲ್ಲವೇ ಇಲ್ಲ.

'ಬಿ' ಅನ್ನುವ ಸಣ್ಣ ಅಕ್ಷರ

ಆಡುಮಾತು ಅಂದರೆ ಯಾವ ಊರಿನ ಆಡುಮಾತು ಅನ್ನೋದು ಅಷ್ಟೇ ಮುಖ್ಯ. ಸಿನಿಮಾ, ಧಾರಾವಾಹಿಗಳಿಂದಾಗಿ ಈಜಿಪ್ಟ್ ಮಾತು ಎಲ್ಲ ಕಡೆ ಅರ್ಥವಾಗುತ್ತೆ, ಕಲಿಯೋಕೆ ಪುಸ್ತಕ, ವಿಡಿಯೋಗಳೂ ಹೆಚ್ಚು ಸಿಗುತ್ತವೆ. ಹಾಗಂತ ಅದನ್ನೇ ಕಲಿತು ಕುವೈತ್‌ಗೆ ಹೋದರೆ ಏನಾಗಬಹುದು ನೋಡಿ.

ಕ್ರಿಯಾಪದದ ಮುಂದೆ 'ಬಿ' ಸೇರಿಸುವ ರೂಢಿ ಎರಡೂ ಕಡೆ ಇದೆ. ಈಜಿಪ್ಟ್‌ನಲ್ಲಿ ಅದು ಈಗ ನಡೆಯುತ್ತಿರುವ ಅಥವಾ ದಿನಾ ನಡೆಯುವ ಕೆಲಸ. ಗಲ್ಫ್‌ನಲ್ಲಿ ಅದೇ 'ಬಿ' ಮುಂದೆ ನಡೆಯುವ ಕೆಲಸ. ಒಬ್ಬ ಕುವೈತಿ ಮಗ ತನ್ನ ತಂದೆಯ ಬಗ್ಗೆ 'ಬಿಯಾಖಿದ್ ಇದ್ದುವಾ' ಅಂದ ಅಂದುಕೊಳ್ಳಿ. 'ಅಪ್ಪ ಮಾತ್ರೆ ತಗೋತಾರೆ, ಇನ್ನೂ ತಗೊಂಡಿಲ್ಲ' ಅನ್ನೋದು ಅವನ ಅರ್ಥ. ಈಜಿಪ್ಟ್ ಮಾತು ಕಲಿತ ನರ್ಸ್ ಕಿವಿಗೆ ಅದು 'ದಿನಾ ಮಾತ್ರೆ ತಗೋತಿದ್ದಾರೆ' ಅಂತ ಬೀಳುತ್ತೆ. ಕನ್ನಡದ 'ತಗೋತಾರೆ' ಅನ್ನೋದಕ್ಕೂ ಈ ಎರಡು ಅರ್ಥ ಇದೆಯಲ್ಲ, ಹಾಗೆ. ತಪ್ಪು ಆಗಿದೆ ಅಂತ ಇಬ್ಬರಿಗೂ ಗೊತ್ತಾಗಲ್ಲ, ಯಾಕೆಂದರೆ ವಾಕ್ಯ ಅರ್ಥವಾಯ್ತು ಅಂತಲೇ ಇಬ್ಬರೂ ಅಂದುಕೊಂಡಿರ್ತಾರೆ. ಇದಕ್ಕೆ ಮದ್ದು ಒಂದೇ ಪದ: 'ಮಿತಾ?', ಅಂದರೆ ಯಾವಾಗ? ಉತ್ತರದಲ್ಲಿ 'ಬಾಚಿರ್' ಬಂದರೆ ನಾಳೆ, 'ಅಲ್‌ಹೀನ್' ಬಂದರೆ ಈಗ. ಈ ಎರಡು ಪದಗಳೂ ಫುಸ್ಹಾದಲ್ಲಿ ಬೇರೆ. ಅಲ್ಲಿ ನಾಳೆಗೆ 'ಗದನ್', ಈಗ ಅನ್ನೋದಕ್ಕೆ 'ಅಲ್‌ಆನ್'.

ಹಾಗಾದರೆ ಫುಸ್ಹಾ ಬೇಡವೇ?

ಬೇಕು, ಆದರೆ ಬೇರೆ ಕೆಲಸಕ್ಕೆ. ಕುವೈತ್‌ನ 2010ರ ಕಾರ್ಮಿಕ ಕಾನೂನಿನ ಪ್ರಕಾರ ಉದ್ಯೋಗ ಒಪ್ಪಂದ ಅರೇಬಿಕ್‌ನಲ್ಲಿರಬೇಕು. ಜೊತೆಗೆ ಇಂಗ್ಲಿಷ್ ಅನುವಾದ ಇರಬಹುದು, ಆದರೆ ಎರಡಕ್ಕೂ ವ್ಯತ್ಯಾಸ ಬಂದರೆ ನಡೆಯುವುದು ಅರೇಬಿಕ್ ಪ್ರತಿಯೇ. ಆ ಪ್ರತಿ ಇರುವುದು ಫುಸ್ಹಾದಲ್ಲಿ. ಸಂಬಳಕ್ಕೆ ಜನ 'ಮಆಶ್' ಅಂತಾರೆ, ಕಾಗದದಲ್ಲಿ 'ಅಜ್ರ್' ಅಥವಾ 'ರಾತಿಬ್' ಇರುತ್ತೆ. ರಜೆ 'ಇಜಾಝಾ', ಪ್ರೊಬೇಷನ್ 'ಫತ್ರತ್ ಅತ್ತಜ್ರಿಬಾ'. ಇಂಥ ಐವತ್ತು ಪದ ಗುರುತಿಸೋಕೆ ಬಂದರೆ ಸಹಿ ಹಾಕುವ ಮುಂಚೆ ಯಾವ ಸಾಲಿನ ಬಗ್ಗೆ ಕೇಳಬೇಕು ಅಂತ ಗೊತ್ತಾಗುತ್ತೆ. ಪೂರ್ತಿ ವ್ಯಾಕರಣ ಇದಕ್ಕೆ ಬೇಕಿಲ್ಲ. ಪದದ ಕೊನೆಗೆ ಹತ್ತುವ ವಿಭಕ್ತಿ ಸ್ವರಗಳನ್ನು ಕಲಿಯೋಕೇ ಫುಸ್ಹಾ ಕೋರ್ಸುಗಳಲ್ಲಿ ತಿಂಗಳುಗಟ್ಟಲೆ ಹೋಗುತ್ತೆ. ಆಡುಮಾತಿನಲ್ಲಿ ಅವು ಇಲ್ಲ, ಸಾಮಾನ್ಯ ಬರಹದಲ್ಲೂ ಬಹುಪಾಲು ಕಾಣಿಸಲ್ಲ.

ಹಾಗಾಗಿ ನನ್ನ ಪ್ರಕಾರ ಕ್ರಮ ಹೀಗೆ. ಮೊದಲು ಲಿಪಿ ಮತ್ತು ಅಂಕಿ. ಲಿಪಿಗೆ ದಿನಾ ಒಂದು ಗಂಟೆಯಂತೆ ಮೂರ್ನಾಲ್ಕು ವಾರ ಸಾಕು. ಅಂಕಿಗಳಲ್ಲಿ ಎಚ್ಚರ ಬೇಕು: ಅಲ್ಲಿ ಐದು ನಮ್ಮ ಸೊನ್ನೆಯಂತೆ ಕಾಣುತ್ತೆ, ಸೊನ್ನೆ ಬರೀ ಒಂದು ಚುಕ್ಕೆ. ಆಮೇಲೆ ಹೋಗುವ ದೇಶದ ಆಡುಮಾತು, ಅದರಲ್ಲೂ ನಿಮ್ಮ ಕೆಲಸದ ಪ್ರಶ್ನೆ-ಉತ್ತರಗಳು. ಅದರ ಪಕ್ಕದಲ್ಲೇ ಬೋರ್ಡು, ಫಾರಂ, ಒಪ್ಪಂದದ ಮಟ್ಟಿಗೆ ಫುಸ್ಹಾ ಓದು. ಕರಾವಳಿಯ ಮದರಸಾಗಳಲ್ಲಿ ಕಲಿತವರಿಗೆ ಲಿಪಿ, ಉಚ್ಚಾರ ಆಗಲೇ ಬಂದಿರುತ್ತೆ, ಅವರು ನೇರ ಎರಡನೇ ಹಂತಕ್ಕೆ ಹೋಗಬಹುದು.

ಈ ಕ್ರಮ ತಿರುಗುವುದು ಕೆಲವರಿಗೆ. ಅನುವಾದ, ಸುದ್ದಿಮನೆ, ಕಾನೂನು ಕಚೇರಿ, ರಾಯಭಾರ ಕಚೇರಿಯ ಕೆಲಸವಾದರೆ ಫುಸ್ಹಾ ಮೊದಲು. ಯಾವ ದೇಶ ಅಂತಲೇ ಗೊತ್ತಿಲ್ಲದೆ ಎರಡು-ಮೂರು ವರ್ಷ ಓದೋಕೆ ಸಮಯ ಇರುವವರಿಗೂ ಅಷ್ಟೇ.

ಇನ್ನೊಂದು ಮಾತು. ಅಲ್ಲಿಗೆ ಹೋದ ಮೇಲೆ ತಾನಾಗೇ ಬರುತ್ತೆ ಅಂತ ಬಿಟ್ಟರೆ ಬರುವುದು ಅಂಗಡಿ, ಸೈಟುಗಳಲ್ಲಿ ವಲಸಿಗರು ಆಡುವ 'ಮಾಫಿ ಮಾಲೂಮ್' ಅರೇಬಿಕ್. ಗೊತ್ತಿಲ್ಲ ಅನ್ನೋಕೆ ಅದು ಸಾಕು. ಆದರೆ ಅದರಲ್ಲಿ ಕ್ರಿಯಾಪದ ಗಂಡು-ಹೆಣ್ಣು, ನಿನ್ನೆ-ನಾಳೆ ಅಂತ ಸರಿಯಾಗಿ ಬದಲಾಗುವುದಿಲ್ಲ. ನೋವು ಯಾವಾಗ ಶುರುವಾಯ್ತು ಅಂತ ಕೇಳಬೇಕಾದಲ್ಲಿ ಅದು ಕೈಕೊಡುತ್ತೆ.

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಮೇಷ್ಟ್ರಿಗೆ ಒಂದೇ ಪ್ರಶ್ನೆ ಕೇಳಿ: 'ನಿನಗೇನು ಬೇಕು' ಅನ್ನೋದನ್ನ ನೀವು ಹೇಗೆ ಕಲಿಸ್ತೀರಿ? 'ಮಾದಾ ತುರೀದ್' ಅಂತ ಮಾತ್ರ ಉತ್ತರ ಬಂದರೆ, ಆ ತರಗತಿಯಲ್ಲಿ ಒಪ್ಪಂದ ಓದೋದು ಕಲೀಬಹುದು. ವಾರ್ಡಿನ ಅಜ್ಜಿಗೆ ಎಲ್ಲಿ ನೋಯ್ತಿದೆ ಅಂತ ತಿಳಿಯೋಕೆ ಬೇರೆ ಮೇಷ್ಟ್ರು ಬೇಕು.