ರೋಟರಿಗೆ ತೊಡಿಸಿದ ಮೂರು ಬಳೆ

ಜಲ್ಲಿ ಕ್ರಷರಿನಲ್ಲಿ ಬೆಳಗಿನ ಮೊದಲ ಕೆಲಸ ಖಾಲಿ ದವಡೆಯನ್ನು ಓಡಿಸಿಕೊಳ್ಳುವುದು. ಮೋಟಾರಿನ ಪಕ್ಕದಲ್ಲಿ ಎಣ್ಣೆ ತುಂಬಿದ ಕಬ್ಬಿಣದ ಪೆಟ್ಟಿಗೆಯೊಂದು ಇರುತ್ತದೆ, ಅದಕ್ಕೊಂದು ಹ್ಯಾಂಡಲ್. ಆಪರೇಟರ್ ಬಟನ್ ಒತ್ತುತ್ತಾನೆ. ಬೆಲ್ಟ್ ಬಿಗಿಯಾಗಿ, ಆಳೆತ್ತರದ ಫ್ಲೈವೀಲ್ ಮೆಲ್ಲಗೆ ಹೊರಳುತ್ತದೆ. ಅದು ಒಂದಿಷ್ಟು ವೇಗ ಹಿಡಿದ ಮೇಲೆ ಹ್ಯಾಂಡಲನ್ನು ಒಂದು ಮೆಟ್ಟಿಲು ಸರಿಸುತ್ತಾನೆ, ತಡೆದು ಇನ್ನೊಂದು. ಕೊನೆಯ ಮೆಟ್ಟಿಲಿಗೆ ಬಂದಾಗ ಮೋಟಾರ್ ಪೂರ್ತಿ ವೇಗದಲ್ಲಿರುತ್ತದೆ. ಆಮೇಲೆಯೇ ದವಡೆಗೆ ಕಲ್ಲು.

ಆ ಹ್ಯಾಂಡಲ್ ಮೋಟಾರಿಗೆ ಬರುವ ಕರೆಂಟನ್ನು ನಲ್ಲಿ ತಿರುಗಿಸಿದಂತೆ ಹೆಚ್ಚು ಕಡಿಮೆ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೂರು ಫೇಸಿನ ವಿದ್ಯುತ್ತು ಬಟನ್ ಒತ್ತಿದ ಕ್ಷಣವೇ ಪೂರ್ತಿ ವೋಲ್ಟೇಜಿನಲ್ಲಿ ಸ್ಟೇಟರಿಗೆ, ಅಂದರೆ ಮೋಟಾರಿನ ಅಲುಗದ ಭಾಗಕ್ಕೆ ಬಂದಿರುತ್ತದೆ. ಹ್ಯಾಂಡಲ್ ಬದಲಿಸುವುದು ತಿರುಗುವ ರೋಟರಿನ ಒಳಗಿನ ಸಂಗತಿಯನ್ನು.

ಸಾಮಾನ್ಯ ಪಂಪಿನ ಮೋಟಾರಿನಲ್ಲಿ ರೋಟರ್ ಎಂದರೆ ಎರಡೂ ತುದಿಯಲ್ಲಿ ಬೆಸೆದುಕೊಂಡ ಲೋಹದ ಸರಳುಗಳ ಪಂಜರ. ಕ್ರಷರಿನ ಮೋಟಾರಿನಲ್ಲಿ ಸರಳುಗಳ ಬದಲು ತಂತಿ ಸುತ್ತಿದ ಮೂರು ಫೇಸಿನ ವೈಂಡಿಂಗ್ ಇರುತ್ತದೆ. ಅದರ ಮೂರು ತುದಿಗಳನ್ನು ಶಾಫ್ಟಿನ ಮೇಲೆ ಕೂಡಿಸಿದ ಮೂರು ಲೋಹದ ಬಳೆಗಳಿಗೆ ತಂದಿರುತ್ತಾರೆ. ಅವೇ ಸ್ಲಿಪ್ ರಿಂಗುಗಳು. ಬಳೆಗಳ ಮೇಲೆ ಕಾರ್ಬನ್ ಬ್ರಷ್‌ಗಳು ಸ್ಪ್ರಿಂಗಿನ ಒತ್ತಡದಲ್ಲಿ ಕುಳಿತಿರುತ್ತವೆ. ರೋಟರಿನ ಕರೆಂಟು ಬ್ರಷ್ ಮೂಲಕ ಹೊರಬಂದು, ಎಣ್ಣೆ ಪೆಟ್ಟಿಗೆಯಲ್ಲಿರುವ ರೋಧಗಳನ್ನು ಸುತ್ತಿ, ಮತ್ತೆ ಒಳಗೆ ಹೋಗುತ್ತದೆ.

ಕರೆಂಟಿಗೆ ಅಡ್ಡಿ ಒಡ್ಡಿದರೆ ಬಲ ಕಡಿಮೆಯಾಗಬೇಕಲ್ಲವೇ? ಆದರೆ ಇಲ್ಲಿ ಹೆಚ್ಚಾಗುತ್ತದೆ. ಈ ಮೋಟಾರಿನ ಸ್ವಾರಸ್ಯವೆಲ್ಲ ಇರುವುದು ಇಲ್ಲೇ.

ರೋಟರ್ ನಿಂತಿರುವಾಗ ಸ್ಟೇಟರಿನ ಕಾಂತಕ್ಷೇತ್ರ ಅದರ ಸುತ್ತ ಪೂರ್ತಿ ವೇಗದಲ್ಲಿ ಸುತ್ತುತ್ತಿರುತ್ತದೆ. ಆಗ ರೋಟರಿನಲ್ಲಿ ಹುಟ್ಟುವ ವಿದ್ಯುತ್ತೂ 50 ಹರ್ಟ್ಸಿನದೇ. ಕಬ್ಬಿಣದ ಮೇಲೆ ಸುತ್ತಿದ ಸುರುಳಿಗೆ ಅಷ್ಟು ಬೇಗ ಬದಲಾಗುವ ಕರೆಂಟನ್ನು ತಡಮಾಡಿಸುವ ಗುಣವಿದೆ. ಹೀಗಾಗಿ ಕರೆಂಟು ದಂಡಿಯಾಗಿ ಹರಿದರೂ ಹೊತ್ತು ಮೀರಿ ಬರುತ್ತದೆ. ಕ್ಷೇತ್ರದ ಬಲವಾದ ಭಾಗ ಮುಂದೆ ಸಾಗಿಬಿಟ್ಟಿರುತ್ತದೆ. ಕೆಲವು ತಂತಿಗಳು ಮುಂದಕ್ಕೆ ತಳ್ಳಿದರೆ ಕೆಲವು ಹಿಂದಕ್ಕೆ ತಳ್ಳಿ, ಹೆಚ್ಚಿನ ಬಲ ಅಲ್ಲಲ್ಲೇ ವಜಾ ಆಗುತ್ತದೆ. ಉಯ್ಯಾಲೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಎಷ್ಟು ಜೋರಾಗಿ ತಳ್ಳಿದರೂ ಅದು ಏರುವುದಿಲ್ಲವಲ್ಲ, ಹಾಗೆ. ರೋಧ ಸೇರಿಸಿದಾಗ ಕರೆಂಟು ಕಡಿಮೆಯಾಗುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 100 ಅಶ್ವಶಕ್ತಿಯ, ನಾಲ್ಕು ಪೋಲಿನ ಮೋಟಾರ್ ಎಂದುಕೊಳ್ಳಿ. ಅದರ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ರೋಟರಿನ ಪ್ರತಿ ಫೇಸಿನ ಸ್ವಂತ ರೋಧ 0.03 ಓಮ್, ನಿಂತಾಗ ಸುರುಳಿ ಒಡ್ಡುವ ತಡೆ 0.24 ಓಮ್. ಇದರ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, ಫುಲ್ ಲೋಡಿನ ಎರಡೂವರೆ ಪಟ್ಟು ಇರಲಿ. ಹೊರಗಿನ ರೋಧವಿಲ್ಲದೆ ಚಾಲೂ ಮಾಡಿದರೆ ಇದು ಫುಲ್ ಲೋಡಿನ ಐದು ಪಟ್ಟಿನಷ್ಟು ರೋಟರ್ ಕರೆಂಟು ಹರಿಸಿಯೂ ಕೊಡುವ ಟಾರ್ಕ್ ಫುಲ್ ಲೋಡಿನ ಶೇ. 61ರಷ್ಟು ಮಾತ್ರ. ಹೊರಗೆ 0.21 ಓಮ್ ಸೇರಿಸಿ, ಒಟ್ಟು ರೋಧವನ್ನು 0.24ಕ್ಕೆ ತನ್ನಿ. ಕರೆಂಟು ಮೂರೂವರೆ ಪಟ್ಟಿಗೆ ಇಳಿಯುತ್ತದೆ, ಟಾರ್ಕ್ ಎರಡೂವರೆ ಪಟ್ಟಿಗೆ ಏರುತ್ತದೆ. ಈ ಮೋಟಾರ್ ಕೊಡಬಲ್ಲ ಗರಿಷ್ಠ ಬಲವೇ ಅದು. ಸುರುಳಿಯ ತಡೆಗೂ ರೋಧಕ್ಕೂ ಸಮನಾದಾಗ ಆ ಗರಿಷ್ಠ ಬಲ ನಿಂತ ಜಾಗಕ್ಕೇ ಬಂದು ಕೂರುತ್ತದೆ. ರೋಧ ಎಷ್ಟೇ ಬದಲಿಸಿದರೂ ಆ ಗರಿಷ್ಠದ ಅಳತೆ ಬದಲಾಗುವುದಿಲ್ಲ, ಅದು ಯಾವ ವೇಗದಲ್ಲಿ ಸಿಗುತ್ತದೆ ಎಂಬುದಷ್ಟೇ ಬದಲಾಗುತ್ತದೆ.

ಇನ್ನೂ ಹೆಚ್ಚು ರೋಧ ಹಾಕಿದರೆ? ಒಟ್ಟು 0.9 ಓಮ್ ಆದಾಗ ಟಾರ್ಕ್ ಒಂದೂಕಾಲು ಪಟ್ಟಿಗೆ ಇಳಿಯುತ್ತದೆ, ಕರೆಂಟೂ ಹೆಚ್ಚುಕಡಿಮೆ ಒಂದೂಕಾಲು ಪಟ್ಟೇ. ಹಳ್ಳಿಯ ಕಡೆ ಸಣ್ಣ ಟ್ರಾನ್ಸ್‌ಫಾರ್ಮರ್ ಮೇಲೆ ನಡೆಯುವ ಕ್ರಷರಿಗೆ ಇದು ದೊಡ್ಡ ಅನುಕೂಲ. ಖಾಲಿ ದವಡೆ ಹೊರಳಲು ಬೇಕಾದ ಬಲ ಸಿಗುತ್ತದೆ, ಸುತ್ತಲಿನ ಮನೆಗಳ ದೀಪವೂ ಮಂಕಾಗುವುದಿಲ್ಲ.

ವೇಗದ ಮಾತಿಗೆ ಬರೋಣ. ರೋಟರ್ ಯಾವಾಗಲೂ ಕಾಂತಕ್ಷೇತ್ರಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹಿಂದೆ ಬಿದ್ದಷ್ಟೂ ಅದರಲ್ಲಿ ವೋಲ್ಟೇಜು ಹುಟ್ಟುತ್ತದೆ. ಈ ಹಿಂದೆ ಬೀಳುವಿಕೆಗೆ ಸ್ಲಿಪ್ ಎನ್ನುತ್ತಾರೆ. ರೋಧ ಎಂಟು ಪಟ್ಟಾದರೆ ಅಷ್ಟೇ ಕರೆಂಟು ಹರಿಯಲು ಎಂಟು ಪಟ್ಟು ವೋಲ್ಟೇಜು ಬೇಕು, ಅಂದರೆ ಎಂಟು ಪಟ್ಟು ಸ್ಲಿಪ್. ನಮ್ಮ ಮೋಟಾರ್ ಫುಲ್ ಲೋಡಿನಲ್ಲಿ 1461 ಸುತ್ತು ತಿರುಗುತ್ತಿದ್ದರೆ, 0.21 ಓಮ್ ಸೇರಿಸಿದಾಗ ಅದೇ ಲೋಡಿಗೆ 1187ಕ್ಕೆ ಇಳಿಯುತ್ತದೆ. ಆದರೆ ಲೋಡ್ ತೆಗೆದರೆ ವೇಗ ಮತ್ತೆ 1500ರ ಹತ್ತಿರ ಹೋಗಿಬಿಡುತ್ತದೆ. ಖಾಲಿ ಮೋಟಾರಿನ ವೇಗವನ್ನು ರೋಧದಿಂದ ಹಿಡಿದಿಡಲು ಆಗದು.

ಹೀಗೆ ಕಳೆದ ವೇಗವೆಲ್ಲ ಬಿಸಿಯಾಗುತ್ತದೆ. 1187 ಸುತ್ತಿನಲ್ಲಿ ರೋಟರಿಗೆ ದಾಟುವ ಸುಮಾರು 77 ಕಿಲೋವ್ಯಾಟಿನಲ್ಲಿ 16 ಕಿಲೋವ್ಯಾಟ್ ಶಾಖವಾಗುತ್ತದೆ. ಅದರಲ್ಲಿ 2 ರೋಟರಿನೊಳಗೆ, 14 ಹೊರಗಿನ ಪೆಟ್ಟಿಗೆಯಲ್ಲಿ. ಚಾಲೂ ಮಾಡುವಾಗಲೂ ಇದೇ ಕತೆ. ಖಾಲಿ ಫ್ಲೈವೀಲ್ ವೇಗ ಹಿಡಿಯುವಷ್ಟರಲ್ಲಿ ಅದರಲ್ಲಿ ಎಷ್ಟು ಶಕ್ತಿ ತುಂಬುತ್ತದೋ ಅಷ್ಟೇ ಶಕ್ತಿ ರೋಟರಿನ ಕರೆಂಟು ಹರಿಯುವ ದಾರಿಯಲ್ಲಿ ಶಾಖವಾಗಲೇಬೇಕು. ಪಂಜರದ ರೋಟರಿನಲ್ಲಿ ಅದೆಲ್ಲ ಸರಳುಗಳನ್ನೇ ಸುಡುತ್ತದೆ. ಸ್ಲಿಪ್ ರಿಂಗ್ ಮೋಟಾರಿನಲ್ಲಿ ಬಹುಪಾಲು ಹೊರಗಿನ ಎಣ್ಣೆಗೆ ಹೋಗುತ್ತದೆ. ಭಾರವಾದ ಚಕ್ರ ಹೊರಳಿಸುವ ಕೆಲಸಕ್ಕೆ ಇದನ್ನು ಆರಿಸಿದ್ದು ಅದಕ್ಕೇ. ಆದರೆ ಎಣ್ಣೆಗೂ ಮಿತಿಯಿದೆ. ಮೇಲಿಂದ ಮೇಲೆ ಚಾಲೂ ಮಾಡಿದರೆ, ಇಲ್ಲವೇ ಹ್ಯಾಂಡಲನ್ನು ನಡುವಿನ ಮೆಟ್ಟಿಲಲ್ಲೇ ಬಿಟ್ಟು ಕಲ್ಲು ಹಾಕಿದರೆ, ಪೆಟ್ಟಿಗೆ ಮುಟ್ಟಲಾಗದಷ್ಟು ಕಾಯುತ್ತದೆ. ದಿನವಿಡೀ ವೇಗ ಬದಲಿಸಬೇಕಾದ ಕೆಲಸಕ್ಕೆ ಇಂದು ಫ್ರೀಕ್ವೆನ್ಸಿ ಬದಲಿಸುವ ಡ್ರೈವ್ ಹಾಕಿಸುವುದೇ ಸರಿ. ರೋಧದಿಂದ ವೇಗ ಇಳಿಸುವುದು ದುಡ್ಡು ಸುಡುವ ದಾರಿ.

ಒಮ್ಮೆ ಕ್ರಷರೊಂದರಿಂದ ಫೋನ್ ಬಂತು. "ಸಾರ್, ಮೋಟ್ರು ಅರ್ಧಕ್ಕೇ ನಿಂತ್ಕೊಂಡೈತೆ. ಹ್ಯಾಂಡಲ್ ಪೂರಾ ತಂದ್ರೂ ಏರ್ತಿಲ್ಲ, ಗುಂಯ್ ಅಂತೈತೆ." ಹೋಗಿ ನೋಡಿದರೆ ವೇಗ 750ರ ಆಸುಪಾಸು, ಆಮೀಟರಿನ ಮುಳ್ಳು ಹಿಂದೆ ಮುಂದೆ ಓಲಾಡುತ್ತಿತ್ತು. ಮಾಲೀಕರು ಬೇರಿಂಗ್ ಬಿಚ್ಚಿಸಲು ಹೊರಟಿದ್ದರು. ಮೋಟಾರಿನಿಂದ ಎಣ್ಣೆ ಪೆಟ್ಟಿಗೆಗೆ ಹೋಗುವ ಮೂರು ಕೇಬಲ್‌ಗಳಿಗೆ ಟಾಂಗ್ ಟೆಸ್ಟರ್ ಹಾಕಿದೆ. ಎರಡರಲ್ಲಿ ಕರೆಂಟಿತ್ತು, ಮೂರನೆಯದರಲ್ಲಿ ಸೊನ್ನೆ. ರೋಟರಿನ ಒಂದು ಫೇಸ್ ಕಡಿದುಹೋದರೆ ಅದರ ಕಾಂತಕ್ಷೇತ್ರ ಎರಡಾಗಿ ಸೀಳಿ, ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಸುತ್ತುತ್ತದೆ. ಅರ್ಧ ವೇಗ ದಾಟುತ್ತಿದ್ದಂತೆ ಹಿಂದಕ್ಕೆ ಸುತ್ತುವ ಭಾಗ ರೋಟರನ್ನು ಹಿಡಿದು ಎಳೆಯತೊಡಗುತ್ತದೆ.

ಮೇನ್ ಸ್ವಿಚ್ ತೆಗೆಸಿ ಬ್ರಷ್‌ಗಳನ್ನು ನೋಡಿದೆವು. ಮೂರೂ ಬಳೆಯ ಮೇಲೆ ಸರಿಯಾಗಿ ಕುಳಿತಿದ್ದವು. ಪೆಟ್ಟಿಗೆಯ ಟರ್ಮಿನಲ್ ಬಿಚ್ಚಿದಾಗ ಸಿಕ್ಕಿತು: ಬೋಲ್ಟ್ ಸಡಿಲವಾಗಿ, ಲಗ್ ಸುಟ್ಟು, ತಾಮ್ರ ಕಪ್ಪಾಗಿತ್ತು. ಹೊಸ ಲಗ್ ಒತ್ತಿ, ಬೋಲ್ಟ್ ಬಿಗಿದು, ಹ್ಯಾಂಡಲನ್ನು ಮೊದಲ ಮೆಟ್ಟಿಲಿಗೆ ತಂದು ಬಟನ್ ಒತ್ತಿದೆವು. ಮಧ್ಯಾಹ್ನದ ಊಟಕ್ಕೆ ಮುಂಚೆ ದವಡೆಗೆ ಕಲ್ಲು ಬೀಳತೊಡಗಿತು.