ಉತ್ತರ ಬೇಡದ ಓಲೆ

ಹಳೆಯ ಕನ್ನಡ ಕಾಗದಗಳ ಧಾಟಿ ಯಾರಿಗೆ ತಿಳಿಯದು? ‘ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು’ ಎಂದು ಆರಂಭ, ‘ಮರುಟಪಾಲಿಗೆ ಉತ್ತರ ಬರೆಯುವುದು’ ಎಂದು ಮುಕ್ತಾಯ. ಉತ್ತರಕ್ಕೆಂದೇ ಇನ್ನೊಂದು ಖಾಲಿ ಕಾರ್ಡನ್ನು ಜೋಡಿಸಿದ ಅಂಚೆಕಾರ್ಡುಗಳೂ ಒಂದು ಕಾಲದಲ್ಲಿ ಮಾರಾಟವಾಗುತ್ತಿದ್ದವು. ಕುಶಲಪ್ರಶ್ನೆಯೆಂದರೆ ಉತ್ತರವನ್ನು ಪಡೆಯುವ ಹಕ್ಕು ಎಂಬುದು ನಮ್ಮ ಬರವಣಿಗೆಯಲ್ಲಿ ಅಷ್ಟು ಆಳವಾಗಿ ಬೇರುಬಿಟ್ಟಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಓಲೆಯನ್ನು ಓದಬೇಕಾದವನು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಾಸಿಗೆಯಲ್ಲಿರುವ ಮಿತ್ರನಾದರೆ, ಆ ಹಕ್ಕನ್ನು ಕೆಲವು ದಿನಗಳ ಮಟ್ಟಿಗೆ ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಟ್ಟೆವೆಂಬುದು ಓಲೆಯ ಮಾತುಗಳಲ್ಲೇ ಕಾಣಬೇಕಾಗುತ್ತದೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಆ ಕೋಶವನ್ನೇ ತೆಗೆಸಿಕೊಂಡ ಅಧ್ಯಾಪಕನೊಬ್ಬನಿದ್ದಾನೆಂದು ಭಾವಿಸಿರಿ. ಈಗ ಈ ಚಿಕಿತ್ಸೆಯನ್ನು ಬಹುಮಟ್ಟಿಗೆ ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ, ದುರ್ಬೀನಿನ ನೆರವಿನಿಂದ ಮುಗಿಸುತ್ತಾರೆ. ರೋಗಿ ಅನೇಕ ವೇಳೆ ಮರುದಿನವೇ ಮನೆಗೆ ಬರುತ್ತಾನೆ. ‘ಸಣ್ಣ ಆಪರೇಷನ್ ತಾನೇ, ಫೋನು ಕೈಯಲ್ಲೇ ಇದೆ, ಎರಡು ಸಾಲು ಬರೆಯಲೇನು ಕಷ್ಟ?’ ಎಂದು ಬಂಧುಮಿತ್ರರು ಎಣಿಸುವುದು ಇದರಿಂದಲೇ.

ಆದರೆ ಕಾಣದ ಸಂಗತಿಗಳು ಬೇರೆ. ಕೆಲಸಕ್ಕೆ ಎಡೆಯಾಗಲೆಂದು ವೈದ್ಯರು ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿರುತ್ತಾರೆ. ಅದರ ಶೇಷ ವಪೆಯನ್ನು ಕೆರಳಿಸುವುದರಿಂದ, ಗಾಯ ಹೊಟ್ಟೆಯಲ್ಲಿದ್ದರೂ ನೋವು ಭುಜದಲ್ಲಿ ಕಾಣಿಸಿಕೊಂಡು ಒಂದೆರಡು ದಿನ ಕಾಡುವುದುಂಟು. ಕೆಮ್ಮಿದರೆ ನೋವು, ಎದ್ದು ಕೂತರೆ ನೋವು, ನಕ್ಕರೂ ನೋವು! ಪೂರ್ಣ ಅರಿವಳಿಕೆಯ ಬಳಿಕ ಒಂದು ದಿನದವರೆಗೆ ವಾಹನ ನಡೆಸಬಾರದು, ಮುಖ್ಯವಾದ ಕಾಗದಗಳಿಗೆ ರುಜು ಹಾಕಬಾರದು ಎಂದು ವೈದ್ಯರು ಹೇಳುತ್ತಾರೆ. ರುಜು ಹಾಕಲಾಗದವನಿಂದ ಒಪ್ಪವಾದ ಉತ್ತರವನ್ನು ನಿರೀಕ್ಷಿಸುವುದು ನ್ಯಾಯವೇ? ಮುಂದಿನ ದಿನಗಳಲ್ಲೂ ನೋವಿನ ಮಾತ್ರೆ, ಮಂಪರು, ಹೊತ್ತಲ್ಲದ ಹೊತ್ತಿನ ನಿದ್ರೆ ಇದ್ದದ್ದೇ. ಇಂತಹ ಸ್ಥಿತಿಯಲ್ಲಿ ಇಪ್ಪತ್ತು ಸಂದೇಶಗಳು ಬಂದರೆ ಅವು ಇಪ್ಪತ್ತು ಸಾಲಗಳಂತೆ ತೋರುತ್ತವೆ.

ಅವನಿಗೆ ಸಾಮಾನ್ಯವಾಗಿ ಬರುವ ಓಲೆಯ ಮಾದರಿ ಇದು: ‘ಹೇಗಿದ್ದೀಯಾ? ಎಲ್ಲ ಸುಸೂತ್ರವಾಯಿತೇ? ನೋವು ಬಹಳವೇ? ಡಾಕ್ಟರು ಏನೆಂದರು? ನಾನು ಯಾವಾಗ ಬರಲಿ? ಏನಾದರೂ ಬೇಕಿದ್ದರೆ ಸಂಕೋಚಪಡದೆ ತಿಳಿಸು. ಬಿಡುವಾದಾಗ ಎರಡು ಸಾಲು ಬರೆ. ನಿನ್ನ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.’

ಇದರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಐದು ಪ್ರಶ್ನೆ, ಎರಡು ಆಜ್ಞೆ, ಕೊನೆಗೊಂದು ಕಾಯುವಿಕೆ. ಎಂಟು ವಾಕ್ಯಗಳಲ್ಲಿ ಒಂದಾದರೂ ರೋಗಿಗೆ ಏನನ್ನೂ ಕೊಡುವುದಿಲ್ಲ, ಎಂಟೂ ಕೇಳುತ್ತವೆ. ‘ಬೇಕಿದ್ದರೆ ತಿಳಿಸು’ ಎಂಬ ಉದಾರವಾದ ಮಾತು ಕೂಡ, ತನಗೇನು ಬೇಕೆಂದು ಯೋಚಿಸುವ, ಯಾರನ್ನು ಕೇಳುವುದೆಂದು ಸಂಕೋಚಪಡುವ ಹೊರೆಯನ್ನು ಅವನ ಮೇಲೆಯೇ ಇಡುತ್ತದೆ.

ಪರಿಹಾರ ನಮ್ಮ ವ್ಯಾಕರಣದಲ್ಲೇ ಇದೆ. ಶಾಲೆಯಲ್ಲಿ ನಾವೆಲ್ಲರೂ ಓದಿದ ವಿಧ್ಯರ್ಥಕ ಕ್ರಿಯಾಪದವು ಆಜ್ಞೆಯನ್ನೂ ಹೇಳುತ್ತದೆ, ಹಾರೈಕೆಯನ್ನೂ ಹೇಳುತ್ತದೆ. ‘ತಿಳಿಸು’, ‘ಬರೆ’ ಎಂದಾಗ ಕೆಲಸ ಮಾಡಬೇಕಾದವನು ಓದುಗ. ‘ಗಾಯ ಮಾಯಲಿ’, ‘ನಿದ್ರೆ ಚೆನ್ನಾಗಿ ಬರಲಿ’ ಎಂದಾಗ ಕೆಲಸ ಗಾಯದ್ದು, ನಿದ್ರೆಯದು. ಓದುಗನು ಸುಮ್ಮನೆ ಮಲಗಿರಬಹುದು. ಆದ್ದರಿಂದ ಪ್ರಶ್ನೆಗಳನ್ನು ತೆಗೆದು ಹೇಳಿಕೆಗಳನ್ನಿಡುವುದು, ಆಜ್ಞೆಗಳನ್ನು ತೆಗೆದು ಹಾರೈಕೆಗಳನ್ನಿಡುವುದು ಮೊದಲ ತಿದ್ದುಪಡಿ.

‘ಉತ್ತರ ಬೇಡ’ ಎಂಬ ಮಾತನ್ನು ಬಾಯಿಬಿಟ್ಟು ಹೇಳುವುದು ಎರಡನೆಯದು. ಅದು ಓಲೆಯ ಕೊನೆಯಲ್ಲಲ್ಲ, ಆರಂಭದಲ್ಲೇ ಬರಬೇಕು. ಹಾಗಾದರೆ ಉಳಿದ ಸಾಲುಗಳನ್ನು ಅವನು ನಿರಾಳವಾಗಿ ಓದಬಲ್ಲನು. ‘ಉತ್ತರಿಸದಿದ್ದರೂ ನನಗೆ ಬೇಸರವಿಲ್ಲ’ ಎನ್ನುವುದಕ್ಕಿಂತ ‘ಇದಕ್ಕೆ ಉತ್ತರ ಬೇಡ’ ಎನ್ನುವುದು ಮೇಲು. ಮೊದಲನೆಯದರಲ್ಲಿ ಬೇಸರದ ಹೆಸರಾದರೂ ಇಣುಕಿತು! ಇದಕ್ಕಿಂತ ಮುಖ್ಯವಾದದ್ದು ಬೇಡವೆನ್ನಲು ಕಾರಣ. ಸುದ್ದಿ ನಮಗೆ ಬೇರೆ ದಾರಿಯಿಂದ ತಿಳಿಯುತ್ತಿದೆಯೆಂದು ಹೇಳಿದಾಗಲೇ ಆ ಮಾತು ಬರಿಯ ಉಪಚಾರವಲ್ಲವೆಂದು ಅವನು ನಂಬುತ್ತಾನೆ. ಅದಕ್ಕಾಗಿ ಬರೆಯುವ ಮುನ್ನ ಮನೆಯವರಲ್ಲಿ ಒಬ್ಬರನ್ನು ವಿಚಾರಿಸಿಕೊಳ್ಳಬೇಕು.

ಈಗ ತಿದ್ದಿದ ಓಲೆಯನ್ನು ನೋಡಿ: ‘ಪ್ರಿಯ ಮಿತ್ರ, ಇದಕ್ಕೆ ಉತ್ತರ ಬೇಡ. ನೀನು ಮನೆಗೆ ಬಂದು ಗಂಜಿ ಕುಡಿದು ಮಲಗಿದೆಯೆಂದು ನಿನ್ನ ತಮ್ಮ ಹೇಳಿದ. ಮುಂದಿನ ಸುದ್ದಿಯನ್ನೂ ಅವನಿಂದಲೇ ಕೇಳಿಕೊಳ್ಳುತ್ತೇನೆ. ನಿನ್ನ ತರಗತಿಗಳನ್ನು ತಿಂಗಳ ಕೊನೆಯವರೆಗೆ ನಾವು ಮೂವರು ಹಂಚಿಕೊಂಡಿದ್ದೇವೆ. ಕಾಲೇಜಿನ ಹಿಂದಿನ ಹೊಂಗೆಮರ ಚಿಗುರಿದೆ, ನೆರಳು ದಟ್ಟವಾಗುತ್ತಿದೆ. ನೋವು ಇಳಿಯಲಿ, ನಿದ್ರೆ ಚೆನ್ನಾಗಿ ಬರಲಿ. ಬರುವ ಭಾನುವಾರ ಇನ್ನೆರಡು ಸಾಲು ಬರೆಯುತ್ತೇನೆ; ಅದಕ್ಕೂ ಉತ್ತರ ಬೇಡ.’

ಇಲ್ಲಿ ನೆರವು ಆಗಿಹೋಗಿದೆ, ಒಪ್ಪಿಗೆಗಾಗಿ ಕಾದಿಲ್ಲ. ಹೊಂಗೆಮರದ ಸುದ್ದಿ ಕ್ಷುಲ್ಲಕವೆಂದು ತೋರಬಹುದು. ನಾಲ್ಕು ಗೋಡೆಗಳ ನಡುವೆ ಮಲಗಿರುವವನಿಗೆ ಅದು ಹೊರಗಿನ ಗಾಳಿ. ಆದರೆ ‘ನೀನಿಲ್ಲದೆ ಮರದಡಿ ಬಣಗುಟ್ಟುತ್ತಿದೆ’ ಎಂದು ಮುಂದುವರಿಸಿಲ್ಲ. ಹಾಗೆ ಬರೆದಿದ್ದರೆ ಬೇಗ ಎದ್ದು ಬರಬೇಕೆಂಬ ಇನ್ನೊಂದು ಸಾಲ ಹುಟ್ಟುತ್ತಿತ್ತು.

ವಾಟ್ಸಾಪಿನಲ್ಲಿ ಕಳಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಓದಿದೊಡನೆ ಎರಡು ಗೀಟುಗಳು ನೀಲಿಯಾಗುವುದು ರೋಗಿಗೂ ತಿಳಿದಿರುತ್ತದೆ. ‘ಓದಿಯೂ ಸುಮ್ಮನಿದ್ದಾನೆ’ ಎಂದುಕೊಂಡಾರೆಂಬ ಅಳುಕಿನಿಂದ ಕೆಲವರು ಸಂದೇಶವನ್ನು ತೆರೆಯುವುದೇ ಇಲ್ಲ. ‘ಇದಕ್ಕೆ ಉತ್ತರ ಬೇಡ’ ಎಂಬುದು ಮೊದಲ ಸಾಲಾದರೆ, ತೆರೆಯುವ ಮುನ್ನವೇ ಅದು ಕಣ್ಣಿಗೆ ಬಿದ್ದು ಅಳುಕು ಹೋಗುತ್ತದೆ. ಎರಡು ದಿನಗಳ ಬಳಿಕ ‘ಹಿಂದಿನದು ಓದಿದೆಯಾ?’ ಎಂದು ಕೇಳಿದಿರೋ, ಕೊಟ್ಟ ಮಾತನ್ನು ಹಿಂತೆಗೆದುಕೊಂಡಂತೆಯೇ ಸರಿ.

ಈ ವಿಧಾನಕ್ಕೂ ಒಂದು ಮಿತಿಯಿದೆ. ಮಿತ್ರನು ಒಂಟಿಯಾಗಿ ವಾಸಿಸುತ್ತಿದ್ದರೆ, ಜ್ವರ ಬಂದಿತೇ, ನೋವು ಏರುತ್ತಿದೆಯೇ, ಗಾಯ ಕೆಂಪಾಗಿ ಕೀವಾಗಿದೆಯೇ, ಕಣ್ಣು ಹಳದಿಯಾಗಿದೆಯೇ ಎಂಬುದನ್ನು ಯಾರಾದರೂ ಕೇಳಲೇಬೇಕು. ಇವು ವೈದ್ಯರಿಗೆ ತಡವಿಲ್ಲದೆ ತಿಳಿಸಬೇಕಾದ ಲಕ್ಷಣಗಳು. ಆದರೆ ಅದು ಎಲ್ಲರ ಕೆಲಸವಲ್ಲ. ಗೆಳೆಯರಲ್ಲಿ ಒಬ್ಬರು ಅದನ್ನು ವಹಿಸಿಕೊಂಡು, ನಿಗದಿಯಾದ ಹೊತ್ತಿಗೆ ಹೋಗಿ ನೋಡಲಿ ಅಥವಾ ಫೋನು ಮಾಡಲಿ. ಉಳಿದವರು ಆ ಒಬ್ಬರಿಂದ ತಿಳಿದುಕೊಳ್ಳಲಿ. ರಜೆಯ ಅರ್ಜಿ, ವಿಮೆಯ ಕಾಗದ ಮೊದಲಾದ ವ್ಯವಹಾರಗಳನ್ನು ಹಾರೈಕೆಯ ಓಲೆಯೊಡನೆ ಬೆರೆಸುವುದೂ ಸಲ್ಲದು.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಸುಲಭವಾದ ಒಂದು ಪರೀಕ್ಷೆಯಿದೆ. ಹದಿನೈದು ದಿನ ಉತ್ತರವೇ ಬರಲಿಲ್ಲವೆಂದು ಭಾವಿಸಿ ಓಲೆಯನ್ನು ಮತ್ತೊಮ್ಮೆ ಓದಿ. ಯಾವ ವಾಕ್ಯವು ಅರ್ಧದಲ್ಲಿ ನಿಂತಂತೆ ಕಾಣುತ್ತದೋ ಅದನ್ನು ಹೊಡೆದುಹಾಕಿ. ಇಷ್ಟಾಗಿಯೂ ಹತ್ತನೆಯ ದಿನ ಅವನೇ ‘ಈಗ ಪರವಾಗಿಲ್ಲ’ ಎಂದು ಬರೆದರೆ, ‘ಸಂತೋಷವಾಯಿತು, ಮಲಗಿಕೋ’ ಎಂದಷ್ಟೇ ಬರೆದು ನಿಲ್ಲಿಸಿರಿ. ಕೂಡಿಟ್ಟ ಪ್ರಶ್ನೆಗಳೆಲ್ಲ ಅವನು ಎದ್ದು ಓಡಾಡುವವರೆಗೆ ಕಾದಿರಲಿ.