ಕಿಕ್ ಬಿದ್ದಾಗ ಬಗ್ಗುವ ಬೇಸ್

ಸ್ವೀಡನ್ನಿನ ಎರಿಕ್ ಪ್ರಿಡ್ಜ್ 2004ರಲ್ಲಿ ಹೊರತಂದ ‘ಕಾಲ್ ಆನ್ ಮಿ’ ಹಾಡನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡ್ರಮ್ಮಿನ ‘ಧಡ್’ ಬಿದ್ದಾಗಲೆಲ್ಲ ಉಳಿದ ಸಂಗೀತ ಕುಗ್ಗುತ್ತದೆ, ಮರುಕ್ಷಣವೇ ಉಬ್ಬಿಕೊಂಡು ಮೇಲೇಳುತ್ತದೆ. ಕಮ್ಮಾರನ ತಿದಿ ನೆನಪಾದರೆ ತಪ್ಪಿಲ್ಲ. ಈ ಏರಿಳಿತ ಯಾರ ಕೈಯಿಂದಲೂ ನುಡಿದದ್ದಲ್ಲ, ಸೈಡ್‌ಚೈನ್ ಕಂಪ್ರೆಷನ್ ಮಾಡಿದ್ದು.

ಕಂಪ್ರೆಸರ್ ಎಂದರೆ, ಸದ್ದು ಗೊತ್ತುಪಡಿಸಿದ ಮಟ್ಟ ದಾಟಿದ ಕೂಡಲೇ ಅದನ್ನು ತಗ್ಗಿಸುವ ಸಾಧನ. ಸಾಮಾನ್ಯವಾಗಿ ಅದು ಯಾವ ಸದ್ದನ್ನು ಕೇಳಿಸಿಕೊಳ್ಳುತ್ತದೋ ಅದನ್ನೇ ತಗ್ಗಿಸುತ್ತದೆ. ಸೈಡ್‌ಚೈನ್‌ನಲ್ಲಿ ಕಿವಿ ಒಂದು ಕಡೆ, ಕೈ ಇನ್ನೊಂದು ಕಡೆ. ಎಫ್‌ಎಂ ನಿರೂಪಕರು ಬಾಯಿ ತೆರೆದೊಡನೆ ಹಿಂದಿನ ಹಾಡು ತಾನೇ ಸಣ್ಣಗಾಗುವಂತೆ ಮಾಡುವುದೂ ಇದೇ ಉಪಾಯ. ನೃತ್ಯ ಸಂಗೀತದಲ್ಲಿ ಕಂಪ್ರೆಸರ್ ಕೇಳಿಸಿಕೊಳ್ಳುವುದು ಕಿಕ್ ಡ್ರಮ್ಮನ್ನು, ತಗ್ಗಿಸುವುದು ಬೇಸನ್ನು.

ತಗ್ಗಿಸುವುದೇಕೆ? ಕಿಕ್ಕಿನ ತಿರುಳೂ ಬೇಸಿನ ತಿರುಳೂ ಇರುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, 50–60 ಹರ್ಟ್ಜ್ ಆಸುಪಾಸಿನಲ್ಲಿ. ಸಮಾನ ಎತ್ತರದ ಎರಡು ಅಲೆಗಳು ಸರಿಯಾಗಿ ಒಂದರ ಮೇಲೊಂದು ಕೂತರೆ ಸದ್ದು 6 ಡೆಸಿಬಲ್ ಏರಿ ಒಡೆಯಬಹುದು. ತಿರುವುಮುರುವಾಗಿ ಕೂತರೆ ಒಂದನ್ನೊಂದು ನುಂಗಿಹಾಕುತ್ತವೆ. ಒಂದು ಕಿಕ್ ದಪ್ಪ, ಮುಂದಿನದು ಪೊಳ್ಳು ಎನ್ನಿಸುತ್ತಿದ್ದರೆ ಕಾರಣ ಬಹುತೇಕ ಇದೇ. ಕಿಕ್ಕಿನ ಸದ್ದು ಹೆಚ್ಚಿಸಿ ಇದನ್ನು ಸರಿಪಡಿಸಲು ಹೋದರೆ ಕೆಲಸ ಕೆಡುತ್ತದೆ. ಆ ಕಿರುಗಳಿಗೆಗೆ ಬೇಸ್ ಪಕ್ಕಕ್ಕೆ ಸರಿಯಬೇಕು, ಅಷ್ಟೆ.

ಒಂದು ಉದಾಹರಣೆ ಕಟ್ಟೋಣ. ತಂತ್ರಾಂಶ REAPER, ವೇಗ ನಿಮಿಷಕ್ಕೆ 120 ಬಡಿತ, ಅಂದರೆ 500 ಮಿಲಿಸೆಕೆಂಡಿಗೆ ಒಂದು ಕಿಕ್. ಬೇಸ್ ಒಂದೇ ಸ್ವರವನ್ನು ಎಡೆಬಿಡದೆ ಎಳೆಯುತ್ತಿದೆ. ಮೊದಲು ಕಿಕ್ ಟ್ರ್ಯಾಕಿನಿಂದ ಬೇಸ್ ಟ್ರ್ಯಾಕಿಗೆ ಒಂದು ಸೆಂಡ್ ಹಾಕಿ, ಅದು ತಲುಪುವ ಚಾನೆಲ್‌ಗಳನ್ನು 3/4 ಮಾಡಬೇಕು. ಬೇಸ್ ಕೇಳಿಸುವುದು 1/2ರಲ್ಲಿ. 3/4ಕ್ಕೆ ಬರುವ ಕಿಕ್ ನಮಗೆ ಅಲ್ಲಿ ಕೇಳಿಸುವುದಿಲ್ಲ, ಕಂಪ್ರೆಸರಿಗೆ ಸುಳಿವು ಕೊಡಲಷ್ಟೇ ಅದು ಬರುವುದು. ಬೇಸ್ ಟ್ರ್ಯಾಕಿಗೆ ReaComp ಹಾಕಿ, ಅದರ Detector input ಜಾಗದಲ್ಲಿ Auxiliary Input L+R ಆರಿಸಿ. ಇದನ್ನು ಮರೆತರೆ ಕಂಪ್ರೆಸರ್ ಬೇಸನ್ನೇ ಕೇಳಿಸಿಕೊಂಡು ಬೇಸನ್ನೇ ಒತ್ತಿಹಿಡಿಯುತ್ತದೆ. ಮೀಟರಿನ ಮುಳ್ಳು ಕಿಕ್ಕಿನ ತಾಳಕ್ಕೆ ಕುಣಿಯದೆ ಒಂದೇ ಕಡೆ ನಿಂತಿದ್ದರೆ ತಪ್ಪಿದ್ದು ಇಲ್ಲೇ.

ಇನ್ನು ಲೆಕ್ಕ. ಕಿಕ್ಕಿನ ತುದಿ −6 ಡೆಸಿಬಲ್, ಥ್ರೆಷೋಲ್ಡ್ −22, ಅನುಪಾತ 4ಕ್ಕೆ 1 ಎಂದಿಟ್ಟುಕೊಳ್ಳಿ. ಕಿಕ್ ಗಡಿ ದಾಟಿದ್ದು 16 ಡೆಸಿಬಲ್. ಅದರಲ್ಲಿ ಕಾಲುಭಾಗ, ಅಂದರೆ 4 ಮಾತ್ರ ಉಳಿಯಬೇಕು. ಮಿಕ್ಕ 12ರಷ್ಟು ಬೇಸ್ ತಗ್ಗುತ್ತದೆ. 12 ಡೆಸಿಬಲ್ ಎಂದರೆ ಅಲೆಯ ಎತ್ತರ ನಾಲ್ಕನೇ ಒಂದಕ್ಕೆ ಇಳಿದಂತೆ. ಯಾರ ಕಿವಿಗೂ ಬೀಳುವಷ್ಟು ಅದು ಸ್ಪಷ್ಟ.

ಎಷ್ಟು ಬೇಗ ತಗ್ಗಬೇಕೆಂಬುದು ಅಟ್ಯಾಕ್. ಸೊನ್ನೆಗೆ ಇಟ್ಟರೆ ಬೇಸಿನ ಅಲೆ ನಡುವಿನಲ್ಲೇ ಕತ್ತರಿಸಿದಂತಾಗಿ ‘ಟಿಕ್’ ಎಂಬ ಸಣ್ಣ ಸದ್ದು ಬರುತ್ತದೆ. 30 ಮಿಲಿಸೆಕೆಂಡಿಗೆ ಇಟ್ಟರೆ ಬೇಸ್ ಸರಿಯುವ ಹೊತ್ತಿಗೆ ಕಿಕ್ಕಿನ ಪೆಟ್ಟು ಬಿದ್ದು ಮುಗಿದಿರುತ್ತದೆ. 2ರಿಂದ 5ರ ನಡುವೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನಿಜವಾದ ಆಟವಿರುವುದು ಮರಳಿ ಏರುವ ಹೊತ್ತಿನಲ್ಲಿ, ಅಂದರೆ ರಿಲೀಸ್‌ನಲ್ಲಿ. 20 ಮಿಲಿಸೆಕೆಂಡ್ ಇಟ್ಟು ನೋಡಿ: 50 ಹರ್ಟ್ಜ್ ಅಲೆಯ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು, ಹಾಗಾಗಿ ಕಂಪ್ರೆಸರ್ ಒಂದೊಂದು ಅಲೆಯ ಹಿಂದೆಯೂ ಏರಿಳಿಯುತ್ತ ಬೇಸನ್ನು ಗೊರಗೊರ ಎನ್ನಿಸುತ್ತದೆ. 600 ಇಟ್ಟರೆ ಬೇಸ್ ಪೂರ್ತಿ ಏಳುವ ಮೊದಲೇ ಮುಂದಿನ ಕಿಕ್ ಬಂದು ಮತ್ತೆ ತುಳಿಯುತ್ತದೆ. ಬೇಸ್ ಮಿಡಿಯುವುದಿಲ್ಲ, ಸುಮ್ಮನೆ ಸಣ್ಣಗಾಗುತ್ತದೆ. ನಮ್ಮ ಉದಾಹರಣೆಯಲ್ಲಿ 150ರಿಂದ ಶುರುಮಾಡಿ ನಿಧಾನವಾಗಿ ಏರಿಸಿ. ಎರಡು ಕಿಕ್ಕುಗಳ ನಡುವಿನ ಖಾಲಿ ಜಾಗದಲ್ಲಿ ಬೇಸ್ ತುಂಬಿಕೊಂಡು ಬಂದು, ತಲೆ ತಾನಾಗಿ ತೂಗತೊಡಗಿದಾಗ ನಿಲ್ಲಿಸಿ. ವೇಗ 140ಕ್ಕೆ ಏರಿಸಿದರೆ ಕಿಕ್ಕುಗಳ ಅಂತರ ಸುಮಾರು 429 ಮಿಲಿಸೆಕೆಂಡಿಗೆ ಇಳಿಯುತ್ತದೆ, ರಿಲೀಸನ್ನೂ ಇಳಿಸಬೇಕು. ಬೇರೆಯವರ ಅಂಕಿಗಳನ್ನು ನಕಲು ಮಾಡಿದಾಗ ಕೈಕೊಡುವುದು ಹೀಗೆಯೇ.

ಹಾಡಿನ ನಡುವೆ ಕಿಕ್ ನಿಂತುಹೋದರೆ ಮಿಡಿತವೂ ನಿಲ್ಲುತ್ತದೆ. ಅದಕ್ಕೊಂದು ಹಳೆಯ ಕುಯುಕ್ತಿ ಇದೆ. ಮಾಸ್ಟರಿಗೆ ಹೋಗದ ಇನ್ನೊಂದು ಕಿಕ್ ಟ್ರ್ಯಾಕ್ ಇಟ್ಟು, ಸುಳಿವು ಕೊಡುವ ಕೆಲಸವನ್ನು ಅದಕ್ಕೆ ವಹಿಸುವುದು. ಕೇಳುಗರಿಗೆ ಆ ಕಿಕ್ ಕೇಳಿಸುವುದೇ ಇಲ್ಲ, ಬೇಸ್ ಮಾತ್ರ ಮಿಡಿಯುತ್ತಲೇ ಇರುತ್ತದೆ.

ಕುಣಿಸುವ ಹಾಡಿಗೆ 12 ಡೆಸಿಬಲ್ ಸೊಗಸು. ಬೇಸೇ ರಾಗ ಹಿಡಿದು ನಡೆಯುವ ಹಾಡಿಗೆ 3–4 ಸಾಕು, ಅದಕ್ಕಿಂತ ಹೆಚ್ಚಾದರೆ ಸ್ವರಗಳ ಮೊದಲಕ್ಷರವೇ ನುಂಗಿಹೋಗುತ್ತದೆ. ಮತ್ತೆ, ಇದನ್ನೆಲ್ಲ ಮೊಬೈಲಿನ ಸ್ಪೀಕರಿನಲ್ಲಿ ತೀರ್ಮಾನಿಸಬೇಡಿ. 50 ಹರ್ಟ್ಜ್ ಅದರಲ್ಲಿ ಕೇಳಿಸುವುದೇ ಇಲ್ಲ.